ತಲೆಯ ಸಿಟಿ ವರದಿಯ ಕೊನೆಯ ಎರಡು ಸಾಲು

‘ನಮ್ಮ ತಂದೆಗೆ 68 ವರ್ಷ, ಬಿಪಿ ಇದೆ. ನಿನ್ನೆ ಬೆಳಿಗ್ಗೆ ಎಡಗೈಯಲ್ಲಿ ಬಲ ಹೋಗಿ ಒಂದು ಗಂಟೆಯಲ್ಲಿ ತಾನೇ ಸರಿಹೋಯಿತು. ಚಿತ್ರದುರ್ಗದಲ್ಲಿ ತಲೆಯ ಸಿಟಿ ಸ್ಕ್ಯಾನ್ ಮಾಡಿಸಿದೆವು. ವರದಿಯ ಕೊನೆಗೆ “ನೋ ಅಕ್ಯೂಟ್ ಅಬ್‌ನಾರ್ಮಾಲಿಟಿ, ಕ್ಲಿನಿಕಲ್ ಕೋರಿಲೇಷನ್ ಅಡ್ವೈಸ್ಡ್” ಎಂದಿದೆ. ಎಲ್ಲ ಸರಿಯಿದೆ ಎಂದು ತಾನೇ ಅರ್ಥ? ಹಾಗಾದರೆ ವೈದ್ಯರು ಎಂಆರ್‌ಐ ಏಕೆ ಕೇಳುತ್ತಿದ್ದಾರೆ?’

ದಯವಿಟ್ಟು ಇವತ್ತೇ ಆ ವೈದ್ಯರ ಬಳಿ ಮರಳಿ ಹೋಗಿ. ಅರ್ಥವನ್ನು ಆಮೇಲೆ ಓದಬಹುದು.

ನಾನು ದಾವಣಗೆರೆಯಲ್ಲಿ ರೇಡಿಯಾಲಜಿಸ್ಟ್. ಇಂಥ ಸಾಲುಗಳನ್ನು ದಿನವೂ ಬರೆಯುತ್ತೇನೆ, ಅವುಗಳನ್ನು ಓದಿ ಸಮಾಧಾನಪಟ್ಟು ಊರಿಗೆ ಹೊರಟವರನ್ನೂ ನೋಡಿದ್ದೇನೆ.

‘ಅಕ್ಯೂಟ್’ ಎಂದರೆ ಈಗಷ್ಟೇ, ಹೊಸದಾಗಿ ಆಗಿರುವುದು. ತಲೆಯ ಸಿಟಿಯಲ್ಲಿ ನಾವು ಮೊದಲು ಹುಡುಕುವುದು ರಕ್ತಸ್ರಾವವನ್ನು. ಹೊಸ ರಕ್ತ ಬೂದು ಬಣ್ಣದ ಮಿದುಳಿನ ನಡುವೆ ಬೆಳ್ಳಗೆ ಹೊಳೆಯುತ್ತದೆ, ಸಾಮಾನ್ಯವಾಗಿ ಕಣ್ತಪ್ಪುವುದಿಲ್ಲ. ರಕ್ತನಾಳ ಕಟ್ಟಿಕೊಂಡು ಮಿದುಳಿನ ಒಂದು ಭಾಗಕ್ಕೆ ರಕ್ತ ನಿಂತಾಗ ಹಾಗಲ್ಲ. ಆ ಭಾಗ ಸಿಟಿಯಲ್ಲಿ ನಿಧಾನವಾಗಿ ಕಪ್ಪಾಗುತ್ತಾ ಹೋಗುತ್ತದೆ. ಮೊದಲ ಕೆಲವು ಗಂಟೆ ಚಿತ್ರ ಪೂರ್ತಿ ಸಹಜವಾಗಿಯೇ ಕಾಣಬಹುದು. ಸಣ್ಣ ಜಾಗವಾದರೆ ಮರುದಿನವೂ ಕಾಣದೆ ಹೋಗಬಹುದು. ಆದ್ದರಿಂದ ನಿಮ್ಮ ವರದಿ ಹೇಳುತ್ತಿರುವುದು ಇಷ್ಟೇ: ರಕ್ತ ಸೋರಿಲ್ಲ, ದೊಡ್ಡ ಗಡ್ಡೆ ಇಲ್ಲ, ತುರ್ತಾಗಿ ಕೈಹಾಕಬೇಕಾದದ್ದು ಈ ಚಿತ್ರದಲ್ಲಿ ಕಾಣಲಿಲ್ಲ.

ಅದೇ ವರದಿಯಲ್ಲಿ ‘ಏಜ್ ರಿಲೇಟೆಡ್ ಅಟ್ರೋಫಿ’ ಎಂಬುದೂ ಇರಬಹುದು. ಕೊಬ್ಬರಿ ಒಣಗುತ್ತಾ ಕರಟದಿಂದ ಬಿಟ್ಟುಕೊಳ್ಳುವಂತೆ ವಯಸ್ಸಾದಂತೆ ಮಿದುಳು ಕೊಂಚ ಕುಗ್ಗುತ್ತದೆ. 68ರ ವಯಸ್ಸಿನಲ್ಲಿ ಅದಕ್ಕೆ ಹೆದರಬೇಕಿಲ್ಲ.

ಇನ್ನು ‘ಕ್ಲಿನಿಕಲ್ ಕೋರಿಲೇಷನ್’. ಚಿತ್ರದಲ್ಲಿ ಕಂಡದ್ದನ್ನು ರೋಗಿಯ ಮೈಯಲ್ಲಿ ಕಂಡದ್ದರ ಜೊತೆ ಇಟ್ಟು ನೋಡಿ ಎಂದು ನಾವು ವೈದ್ಯರಿಗೆ ಹೇಳುವ ಮಾತು ಅದು. ನಾನು ನಿಮ್ಮ ತಂದೆಯವರ ಕೈ ಹಿಡಿದು ನೋಡಿರುವುದಿಲ್ಲ, ಅವರ ಮಾತು ಕೇಳಿರುವುದಿಲ್ಲ. ನನ್ನ ಮುಂದೆ ಇರುವುದು ಚಿತ್ರ ಮತ್ತು ಒಂದು ಚೀಟಿ.

ಆ ಚೀಟಿ ಎಷ್ಟು ಮುಖ್ಯ ಎಂಬುದನ್ನು ಜಗಳೂರು ಕಡೆಯಿಂದ ಬಂದ ಒಬ್ಬ ಈರುಳ್ಳಿ ಬೆಳೆಗಾರರು ನನಗೆ ಕಲಿಸಿದರು. ಚೀಟಿಯಲ್ಲಿ ಇದ್ದದ್ದು ‘ತಲೆಸುತ್ತು’ ಎಂಬ ಒಂದೇ ಪದ. ಸಿಟಿ ಸಹಜವಾಗಿತ್ತು, ನಿಮ್ಮ ವರದಿಯಲ್ಲಿರುವ ಮಾತನ್ನೇ ಬರೆದೆ. ಮನೆಯವರು ಅದನ್ನು ‘ನಾರ್ಮಲ್’ ಎಂದು ಓದಿಕೊಂಡು, ವೈದ್ಯರಿಗೆ ತೋರಿಸದೆ ಬಸ್ ಹತ್ತಿದರು. ಮರುದಿನ ಅವರನ್ನು ಸ್ಟ್ರೆಚರ್ ಮೇಲೆ ತಂದರು. ಬಲಗೈ ಎತ್ತಲಾಗುತ್ತಿರಲಿಲ್ಲ, ಮಾತು ತೊದಲುತ್ತಿತ್ತು. ಎರಡನೆಯ ಸಿಟಿಯಲ್ಲಿ ಮಿದುಳಿನ ಎಡಭಾಗದಲ್ಲಿ ಅಂಗೈಯಗಲದ ಕಪ್ಪು. ಮೊದಲ ದಿನ ಬೆಳಿಗ್ಗೆಯೇ ಊಟದ ತುತ್ತು ಬಲಗೈಯಿಂದ ಜಾರುತ್ತಿತ್ತಂತೆ. ಅದನ್ನು ಹೇಳಿದ್ದು ಅವರ ಸೊಸೆ, ಎರಡನೆಯ ದಿನ. ಆ ಒಂದು ಮಾತು ಚೀಟಿಯಲ್ಲಿದ್ದಿದ್ದರೆ ನಾನು ಫೋನ್ ಮಾಡುತ್ತಿದ್ದೆ. ಅಂದಿನಿಂದ ನಾನು ಚೀಟಿ ನಂಬಿ ಕೂರುವುದಿಲ್ಲ, ಸ್ಕ್ಯಾನ್ ಮೇಜಿನ ಬಳಿ ಹೋಗಿ ಜೊತೆಗೆ ಬಂದವರನ್ನು ಕೇಳುತ್ತೇನೆ. ಕಾರಣ ತಿಳಿದರೆ ‘ರಕ್ತಸ್ರಾವ ಇಲ್ಲ, ಪಾರ್ಶ್ವವಾಯುವಿನ ಸಂಶಯವಿದ್ದರೆ ಎಂಆರ್‌ಐ ಮಾಡಿಸಿ’ ಎಂದೇ ಬರೆಯುತ್ತೇನೆ.

ನಿಮ್ಮ ವೈದ್ಯರು ಎಂಆರ್‌ಐ ಕೇಳುವುದೂ ಇದಕ್ಕೇ. ಅದರಲ್ಲಿ ‘ಡಿಫ್ಯೂಷನ್’ ಎಂಬ ಚಿತ್ರವಿದೆ. ರಕ್ತ ನಿಂತ ಜಾಗ ಸಿಟಿಯಲ್ಲಿ ಕಾಣುವುದಕ್ಕೆ ಬಹಳ ಮೊದಲೇ, ಸಾಮಾನ್ಯವಾಗಿ ಒಂದು ಗಂಟೆಯೊಳಗೇ, ಅದರಲ್ಲಿ ಬೆಳ್ಳಗೆ ಕಾಣುತ್ತದೆ. ಬಲ ಹೋಗಿ ಒಂದು ಗಂಟೆಯಲ್ಲಿ ಮರಳಿತು ಎಂದರೆ, ಕಟ್ಟಿಕೊಂಡ ಹೆಪ್ಪು ತಾನೇ ಕರಗಿರುವ ಸಾಧ್ಯತೆಯೇ ಹೆಚ್ಚು. ಇದಕ್ಕೆ ಟಿಐಎ ಎನ್ನುತ್ತಾರೆ. ಆಗ ಎಂಆರ್‌ಐ ಕೂಡ ಸಹಜವಾಗಿ ಬರಬಹುದು, ಆದರೂ ಅಪಾಯ ಕಳೆದಂತಲ್ಲ. ಪೂರ್ಣ ಪಾರ್ಶ್ವವಾಯು ಬರುವ ಸಾಧ್ಯತೆ ಮೊದಲ ಎರಡು ಮೂರು ದಿನಗಳಲ್ಲೇ ಹೆಚ್ಚು. ಹೆಪ್ಪು ಎಲ್ಲಿಂದ ಬಂತು ಎಂದು ತಿಳಿಯಲು ಕುತ್ತಿಗೆಯ ರಕ್ತನಾಳದ ಡಾಪ್ಲರ್, ಹೃದಯದ ಇಸಿಜಿಯನ್ನೂ ಕೇಳಬಹುದು. ರಕ್ತಸ್ರಾವ ಇಲ್ಲ ಎಂದು ನಿಮ್ಮ ಸಿಟಿ ತೋರಿಸಿರುವುದರಿಂದ ಹೆಪ್ಪುಗಟ್ಟುವುದನ್ನು ತಡೆಯುವ ಮಾತ್ರೆ ಕೊಡಬಹುದೇ ಎಂದು ಅವರು ನಿರ್ಧರಿಸಬಲ್ಲರು. ಆ ಸ್ಕ್ಯಾನ್ ವ್ಯರ್ಥವಾಗಿಲ್ಲ.

ಹೋಗುವಾಗ ಫಿಲ್ಮ್ ಮತ್ತು ವರದಿ ಎರಡನ್ನೂ ಒಯ್ಯಿರಿ. ಯಾವ ಕೈ, ಎಷ್ಟು ಗಂಟೆಗೆ ಶುರುವಾಯಿತು, ಮಾತು ತೊದಲಿತ್ತೇ, ಮುಖ ಓರೆಯಾಗಿತ್ತೇ ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳಿ. ಮತ್ತೆ ಕೈ ಸೋತರೆ ಸರಿಹೋಗಲಿ ಎಂದು ಕಾಯಬೇಡಿ. ಗಡಿಯಾರ ನೋಡಿ, 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಇರುವ ಅವಧಿ ನಾಲ್ಕೂವರೆ ಗಂಟೆ, ಅದು ಕೈ ಸೋತ ಕ್ಷಣದಿಂದಲೇ ಎಣಿಕೆಯಾಗುತ್ತದೆ.