ಸಾಲು ಅಳಿಸಿದರೂ ಕೆಡದ ಕೂಡುತ್ತಾ ಹೋಗುವ ಮೊತ್ತ

«ಸ್ಪ್ರೆಡ್‌ಶೀಟ್‌ನಲ್ಲಿ ಅಡಿಕೆ ಸುಲಿತದ ಕೂಲಿ ಲೆಕ್ಕ: C ಕಾಲಮ್‌ನಲ್ಲಿ ಕೂಲಿ, D ಕಾಲಮ್‌ನಲ್ಲಿ ಕೂಡುತ್ತಾ ಹೋಗುವ ಮೊತ್ತ. ಒಂದು ಸಾಲು ಅಳಿಸಿದರೆ ಕೆಳಗೆಲ್ಲ #REF!, ಸಾರ್ಟ್ ಮಾಡಿದರೆ ಮೊತ್ತ ನಡುವೆ ಮತ್ತೆ ಶುರುವಾಗುತ್ತೆ.»

D2ರಲ್ಲಿ =C2, D3ರಿಂದ ಕೆಳಗೆ =D2+C3 ಅಂತ ಇರಬೇಕು, ಅಲ್ವಾ? ಮೇಲಿನ ಸಾಲು ಅಳಿಸಿದರೆ ಕೊಂಡಿ ತಪ್ಪುತ್ತೆ. ಸಾರ್ಟ್ ಮಾಡಿದಾಗ ಆ ಮೊದಲ ಸಾಲಿನ ಫಾರ್ಮುಲಾ ನಡುವೆ ಹೋಗಿ ಕೂರುತ್ತೆ.

D2ರಲ್ಲಿ ಇದನ್ನು ಹಾಕಿ, ಕೆಳಗಿನವರೆಗೂ ಎಳೆಯಿರಿ:

```
=SUM(C$1:C2)
```

1200, 900, 1500 ಇದ್ದರೆ ಮೂರನೆಯದರ ಎದುರು 3600. 900ರ ಸಾಲು ಅಳಿಸಿ ನೋಡಿ, 2700 ಆಗಬೇಕು.

C1 ನಿಮ್ಮ ಶೀರ್ಷಿಕೆ; ಅಕ್ಷರಗಳನ್ನು SUM ಲೆಕ್ಕಕ್ಕೆ ತಗೊಳ್ಳಲ್ಲ. ಅಲ್ಲಿಂದ ಶುರು ಮಾಡಿದರೆ ಶೀರ್ಷಿಕೆಯ ಕೆಳಗೇ ಹೊಸ ಸಾಲು ಸೇರಿಸಿದರೂ ಅದು ಬಿಟ್ಟುಹೋಗಲ್ಲ. ಶೀರ್ಷಿಕೆಯಲ್ಲಿ ಬರೀ 2024 ಅಂತ ಅಂಕಿ ಮಾತ್ರ ಬೇಡ, ಅದೂ ಕೂಡಿಬಿಡುತ್ತೆ. ಹೊಸ ಸಾಲಿಗೆ ಫಾರ್ಮುಲಾ ಎಳೆಯಬೇಕು. ಹೆಸರಿನ ಪ್ರಕಾರ ಸಾರ್ಟ್ ಮಾಡಿದರೆ ಮೊತ್ತವೂ ಅದೇ ಕ್ರಮದಲ್ಲಿ ಏರುತ್ತೆ. ಯಾವ ದಿನಕ್ಕೆ ಎಷ್ಟಾಗಿತ್ತು ಅಂತ ಬೇಕಾದರೆ ತಾರೀಖಿನ ಪ್ರಕಾರ ಸಾರ್ಟ್ ಮಾಡಿ.