1.9.2 ಆದ ಮೇಲೆ 2.0 ಬರಬೇಕೇ?

ಪ್ರಶ್ನೆ: ಬದಿಯಡ್ಕದ ಅಡಿಕೆ ವ್ಯಾಪಾರಿಗಳಿಗೆ ಲೆಕ್ಕದ ಆ್ಯಪ್ ಮಾಡಿದ್ದೇವೆ. ಈಗಿನ ಆವೃತ್ತಿ 1.9.2. ಮಲಯಾಳದಲ್ಲೂ ರಸೀದಿ ಬರುವ ಹಾಗೆ ಮಾಡಿದೆವು. ಇದು 2.0 ಆಗಬೇಕೇ?

ಬೇಡ, 1.10.0 ಕೊಡಿ. ಇಲ್ಲಿನ ಚುಕ್ಕಿ ದಶಮಾಂಶದ್ದಲ್ಲ. ಒಂಬತ್ತರ ಮುಂದೆ ಹತ್ತು, ಅಷ್ಟೇ. ಹಳೆಯದೇನೂ ಕೆಡದೆ ಹೊಸ ಸೌಲಭ್ಯ ಸೇರಿದರೆ ನಡುವಿನ ಅಂಕಿ ಏರಿ ಕೊನೆಯದು ಸೊನ್ನೆಯಾಗುತ್ತದೆ. ಬರೀ ದೋಷ ಸರಿಪಡಿಸಿದ್ದರೆ 1.9.3 ಸಾಕಿತ್ತು.

2.0.0 ಯಾವಾಗ? ನೀವು ಕೊಡುವ ಸಿಎಸ್‌ವಿ ಫೈಲಿನಲ್ಲಿ `weight` ಕಾಲಮ್ಮಿನ ಹೆಸರನ್ನು `net_weight` ಮಾಡಿದಿರಿ ಎನ್ನಿ. ನಿಮಗದು ಒಂದೇ ಸಾಲಿನ ಕೆಲಸ, ಆದರೆ ಅದನ್ನು ಓದುವ ಲೆಕ್ಕಿಗರ ಪ್ರೋಗ್ರಾಂ ನಿಂತುಹೋಗುತ್ತದೆ. ಬದಲಾವಣೆ ಎಷ್ಟು ದೊಡ್ಡದೆಂದಲ್ಲ, ಯಾರ ಕೆಲಸ ಕೆಡುತ್ತದೆ ಎಂದು ನೋಡಿ.

ಒಂದು ಎಚ್ಚರ: ಆವೃತ್ತಿಯನ್ನು ಬರೀ ಪಠ್ಯವಾಗಿ ಹೋಲಿಸಿದರೆ 1.10 ಎಂಬುದು 1.9ಕ್ಕಿಂತ ಹಳೆಯದೆನಿಸಿ, ಅಪ್‌ಡೇಟ್ ಸೂಚನೆಯೇ ಬರುವುದಿಲ್ಲ. ಆಂಡ್ರಾಯ್ಡ್‌ನಲ್ಲಿ `versionCode` ಎಂಬ ಪೂರ್ಣಾಂಕವನ್ನು ಹೋಲಿಸಿ. ಪ್ರತಿ ಬಿಡುಗಡೆಗೂ ಅದನ್ನು ಏರಿಸಲೇಬೇಕು.