ಕತಲ್ ರಾತ್ರಿ ಕಳೆದು ಇಂಟರ್‌ವ್ಯೂ

"ಸರ್, ಮೊಹರಂನಲ್ಲಿ ದೇವರು ಹೊರುವ ಮನೆತನ ನಮ್ಮದು. ಈ ಸಲ ಸರದಿ ನನ್ನದು. ಬೆಂಗಳೂರಿನ ಕಂಪನಿಯೊಂದು ಇಂಟರ್‌ವ್ಯೂಗೆ ಕರೆದಿದೆ, ದಫನ್ ದಿನವೇ, ಶುಕ್ರವಾರ 11 ಗಂಟೆಗೆ. ಅದಕ್ಕೆ ಇನ್ನೂ ಎರಡು ವಾರ ಇದೆ. ಬೇರೆ ದಿನ ಕೇಳಿದರೆ ಕೆಲಸ ಕೈತಪ್ಪುತ್ತಾ? ಹುಷಾರಿಲ್ಲ ಅಂತ ಹೇಳಿಬಿಡಲಾ?"
– ಓದುಗ, ಮುದಗಲ್

ಹುಷಾರಿಲ್ಲ ಅಂತ ಹೇಳಬೇಡಿ. ಎರಡು ವಾರ ಮೊದಲೇ ಹಾಗೆ ಹೇಳಿದರೆ ನಂಬುವವರಿಲ್ಲ. ಅವತ್ತು ಬೆಳಿಗ್ಗೆ ಹೇಳಿದರೆ ನಿಮಗಾಗಿ ಕೂತವರ ಹೊತ್ತು ಹಾಳು. ಈ ಪತ್ರಿಕೆಗೆ ಜನರನ್ನು ಕರೆಯುವಾಗ ನಾನೂ ಹಾಗೆ ಕಾದಿದ್ದೇನೆ, ಮತ್ತೆ ಕರೆಯಲು ಮನಸ್ಸು ಬರಲಿಲ್ಲ. ಮೊದಲೇ ನಿಜ ಹೇಳಿದವರಿಗೆ ಮಾತ್ರ ಖುಷಿಯಿಂದ ಬೇರೆ ದಿನ ಕೊಟ್ಟಿದ್ದೇನೆ.

ಕೇಳುವ ಮುಂಚೆ ದಿನ ಸರಿಯಾಗಿ ಎಣಿಸಿ. ಚಂದ್ರ ಕಾಣುವುದು ಒಂದು ದಿನ ತಡವಾದರೆ ದಫನ್ ಶನಿವಾರಕ್ಕೆ ಹೋಗುತ್ತದೆ. ಹಾಗಾಗಿ "ಶುಕ್ರವಾರ ಬೇಡ, ಶನಿವಾರ ಬರುತ್ತೇನೆ" ಅಂದರೆ ಮತ್ತೆ ಅದೇ ಗೋಳು. ಬಸ್ಸಿನ ರಾತ್ರಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಶುಕ್ರವಾರ 11ಕ್ಕೆ ಬೆಂಗಳೂರಲ್ಲಿ ಇರಬೇಕಾದರೆ ಗುರುವಾರ ರಾತ್ರಿಯೇ ಬಸ್ ಹತ್ತಬೇಕು. ಅದು ಕತಲ್ ರಾತ್ರಿ, ಅಲಾಯಿ ಕುಣಿಯ ಮುಂದೆ ನೀವು ಇರಲೇಬೇಕಾದ ಹೊತ್ತು. ಆದ್ದರಿಂದ ಹಬ್ಬಕ್ಕೆ ಮುಂಚಿನ ಸೋಮವಾರ, ಇಲ್ಲವೇ ಹಬ್ಬ ಮುಗಿದ ಮೇಲಿನ ಮಂಗಳವಾರ, ಬುಧವಾರ ಕೇಳಿ. ಮುಂಚಿನ ದಿನವನ್ನೂ ಕೊಟ್ಟರೆ ನೀವು ಮುಂದೂಡುತ್ತಿದ್ದೀರಿ ಅನಿಸುವುದಿಲ್ಲ.

ಇನ್ನೊಂದು ವಿಷಯ. ನಿಮ್ಮ ಹೆಸರು ಓದಿದ ಬೆಂಗಳೂರಿನವರಿಗೆ ನಿಮಗೂ ಮೊಹರಂಗೂ ಏನು ಸಂಬಂಧ ಅಂತ ಗೊತ್ತಾಗದಿರಬಹುದು. ನಮ್ಮ ರಾಯಚೂರು ಕಡೆ ಎಲ್ಲರೂ ಸೇರಿ ಮಾಡುವ ಹಬ್ಬ ಇದು ಅನ್ನುವುದು ಅಲ್ಲಿ ಅನೇಕರಿಗೆ ತಿಳಿಯದು. ಅದಕ್ಕೊಂದು ಸಾಲು ಸಾಕು, ಪುರಾಣ ಬೇಡ.

ಅವರ ಮೇಲ್‌ಗೇ ಇವತ್ತೇ ಉತ್ತರ ಕೊಡಿ. ಇಂಗ್ಲಿಷಿನಲ್ಲಿ ಬರೆದರೂ ಇಷ್ಟೇ ಇರಲಿ:

"ಇಂಟರ್‌ವ್ಯೂಗೆ ಕರೆದಿದ್ದಕ್ಕೆ ಧನ್ಯವಾದ. ಈ ಕೆಲಸ ನನಗೆ ಬೇಕು. ಶುಕ್ರವಾರ ನಮ್ಮೂರಿನ ಮೊಹರಂ, ದೇವರು ಹೊರುವ ಸರದಿ ನಮ್ಮ ಮನೆಯದು. ಅದರ ಹಿಂದಿನ ಸೋಮವಾರ, ಅಥವಾ ಮುಂದಿನ ಮಂಗಳವಾರ, ಬುಧವಾರ ಯಾವ ಹೊತ್ತಿಗಾದರೂ ಬರಬಲ್ಲೆ. ಆ ದಿನಗಳಲ್ಲಿ ವಿಡಿಯೋ ಕರೆಯಾದರೂ ಸರಿ."

"ಯಾವ ದಿನ ಆದರೂ ಸರಿ" ಅಂತ ಮಾತ್ರ ಸುಮ್ನೆ ಬರೆಯಬೇಡಿ. ದಿನ ಹುಡುಕುವ ಕೆಲಸ ಅವರ ತಲೆಗೆ ಬಿದ್ದರೆ ನಿಮ್ಮ ಮೇಲ್ ಹಿಂದೆ ಸರಿಯುತ್ತದೆ.

ಸರ್ಕಾರಿ ನೇಮಕಾತಿ ಆಗಿದ್ದರೆ ಇಷ್ಟು ಸಲೀಸಾಗಿ ಹೇಳುತ್ತಿರಲಿಲ್ಲ. ಅಲ್ಲಿ ಕರೆಪತ್ರದಲ್ಲಿ ದಿನ ಬದಲಿಸಲು ಅವಕಾಶ ಇದೆಯಾ ಅಂತ ಮೊದಲು ನೋಡಬೇಕು.

ಎರಡು ದಿನ ಉತ್ತರ ಬರದಿದ್ದರೆ ಮೇಲ್‌ನಲ್ಲಿರುವ ನಂಬರಿಗೆ ಫೋನ್ ಮಾಡಿ. ಅವರು ಬರೆದು ಒಪ್ಪುವವರೆಗೆ ಹಳೆಯ ದಿನವೇ ದಿನ. ಆಗಲ್ಲ ಅಂದರೆ ಏನು ಮಾಡುವುದು ಅಂತ ಮನೆಯಲ್ಲಿ ಈಗಲೇ ಮಾತಾಡಿಕೊಳ್ಳಿ. ಸರದಿಯನ್ನು ಅಣ್ಣನೋ ಚಿಕ್ಕಪ್ಪನೋ ಹೊರಬಹುದಾ ಅಂತ ಕೇಳಬೇಕಾದರೆ ಕತಲ್ ರಾತ್ರಿಯವರೆಗೆ ಕಾಯಬೇಡಿ.